ನಮಸ್ಕಾರ 🙏 ಶಿರಸಿಯ ತೋಟದಂಚು ಮನೆ ತಿನಿಸಿಗೆ ಸ್ವಾಗತ

ನಿಮ್ಮ ಮೆಸೇಜ್ ಬಂತು, ತುಂಬಾ ಖುಷಿಯಾಯಿತು. ಮೊದಲ ಸಲ ಮಾತಾಡುತ್ತಿದ್ದೇವೆ, ಅದಕ್ಕೆ ಸ್ವಲ್ಪ ಉದ್ದ ಬರೆಯುತ್ತಿದ್ದೇನೆ. ಬಿಡುವಾದಾಗ ಓದಿ. ಅವಸರ ಇದ್ದರೆ ನೇರ ಕ್ಯಾಟಲಾಗ್ ನೋಡಿ:

👉 https://wa.me/c/915550142601

ಲಿಂಕ್ ಒತ್ತಿದರೆ ಎಲ್ಲ ತಿನಿಸುಗಳ ಫೋಟೋ, ತೂಕ, ಬೆಲೆ ಕಾಣುತ್ತದೆ. ಬೇಕಾದ್ದನ್ನು ಕಾರ್ಟ್‌ಗೆ ಹಾಕಿ ಇಲ್ಲೇ ಕಳಿಸಬಹುದು. ಅದು ಕಷ್ಟ ಅನ್ನಿಸಿದರೆ ಸುಮ್ನೆ "ಮಿಡಿ ಉಪ್ಪಿನಕಾಯಿ ಅರ್ಧ ಕೆಜಿ, ಹಪ್ಪಳ ಎರಡು ಕಟ್ಟು" ಅಂತ ಬರೆದರೂ ಸಾಕು. ವಾಯ್ಸ್ ಮೆಸೇಜ್ ಕೂಡ ಕೇಳುತ್ತೇವೆ.

*ಉತ್ತರ ಕೊಡುವ ಹೊತ್ತು*
ಸೋಮವಾರದಿಂದ ಶನಿವಾರ: ಬೆಳಿಗ್ಗೆ 9.30ರಿಂದ 1, ಮಧ್ಯಾಹ್ನ 3ರಿಂದ ಸಂಜೆ 6.30
ಭಾನುವಾರ: ರಜೆ
ಪಾರ್ಸೆಲ್ ಕಳಿಸುವ ದಿನ: ಮಂಗಳವಾರ ಮತ್ತು ಶುಕ್ರವಾರ

ನಾವು ಇರುವುದು ಅತ್ತೆ, ಸೊಸೆ ಇಬ್ಬರೇ. ಈ ಫೋನ್ ಹಿಡಿಯುವವಳು ಸೊಸೆ, ಅಂದರೆ ನಾನು. ಅಡುಗೆಮನೆಯಲ್ಲಿ ಅತ್ತೆಯ ಮಾತೇ ಕೊನೆ. ಒಲೆ ಮುಂದೆ ಇದ್ದಾಗ ಫೋನ್ ಮುಟ್ಟುವುದಿಲ್ಲ, ಹಾಗಾಗಿ ಉತ್ತರ ಒಂದೆರಡು ಗಂಟೆ ತಡವಾಗಬಹುದು. ಮನೆ ಇರುವುದು ಹುಲೇಕಲ್ ರಸ್ತೆಯ ಒಳಗೆ, ಅಡಿಕೆ ತೋಟದ ಪಕ್ಕ. ಮಳೆಗಾಲದಲ್ಲಿ ಮರ ಬಿದ್ದು ಕರೆಂಟು ಹೋದರೆ ನೆಟ್‌ವರ್ಕೂ ಹೋಗುತ್ತದೆ. ಜೂನ್, ಜುಲೈನಲ್ಲಿ ಒಂದಿಡೀ ದಿನ ಉತ್ತರ ಬರದಿದ್ದರೆ ಬೇಜಾರಾಗಬೇಡಿ, ಕರೆಂಟು ಬಂದ ಕೂಡಲೇ ಬರೆಯುತ್ತೇವೆ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಕ್ಯಾಟಲಾಗ್‌ನಲ್ಲಿ ಇರುವುದೆಲ್ಲ ವರ್ಷವಿಡೀ ಸಿಗುವುದಿಲ್ಲ. ನಮ್ಮದು ಕಾಲಕ್ಕೆ ತಕ್ಕ ತಿನಿಸು. *ಹಾಗಾಗಿ ದಯವಿಟ್ಟು ಮೊದಲೇ ದುಡ್ಡು ಹಾಕಬೇಡಿ.* ನೀವು ಕೇಳಿ, ನಾವು "ಇದೆ" ಅಂತ ಹೇಳುತ್ತೇವೆ, ಆಮೇಲೆ ಕಳಿಸಿ. ಖಾಲಿಯಾಗಿದ್ದರೆ ಮುಂದೆ ಯಾವಾಗ ಅಂತಲೂ ಹೇಳುತ್ತೇವೆ. ಇಲ್ಲದ ಮಾಲಿಗೆ ದುಡ್ಡು ತೆಗೆದುಕೊಂಡು ಕಾಯಿಸುವುದು ನಮಗೆ ಸರಿ ಕಾಣುವುದಿಲ್ಲ.

ಎಲ್ಲರೂ ಜಾಸ್ತಿ ಕೇಳುವುದು ಅಪ್ಪೆಮಿಡಿ ಉಪ್ಪಿನಕಾಯಿ (ಅರ್ಧ ಕೆಜಿ 320 ರೂಪಾಯಿ). ಹೊಳೆಯಂಚಿನ, ಕಾಡಂಚಿನ ಮರಗಳ ಮಿಡಿ ಇದು. ಒಂದೊಂದು ಮರದ್ದು ಒಂದೊಂದು ಪರಿಮಳ. ಕೆಲವು ಜೀರಿಗೆಯ ವಾಸನೆ, ಕೆಲವು ಕರ್ಪೂರದ್ದು. ಕೊಯ್ಯುವವರು ಮರ ಹತ್ತಿ, ತೊಟ್ಟು ಸಮೇತ ಕೊಯ್ದು, ಬುಟ್ಟಿಗೆ ಹಗ್ಗ ಕಟ್ಟಿ ಇಳಿಸುತ್ತಾರೆ. ನೆಲಕ್ಕೆ ಬಿದ್ದ ಮಿಡಿಗೆ ಪೆಟ್ಟಾಗಿರುತ್ತದೆ, ಭರಣಿಯಲ್ಲಿ ಅದೊಂದು ಇದ್ದರೆ ಉಳಿದವೂ ಕೊಳೆಯುತ್ತವೆ. ಅದಕ್ಕೇ ಅತ್ತೆ ಮಿಡಿ ಬಂದ ದಿನ ಜಗುಲಿಯಲ್ಲಿ ಕೂತು ಒಂದೊಂದನ್ನೂ ಬೆರಳಲ್ಲಿ ತಿರುಗಿಸಿ ನೋಡುತ್ತಾರೆ. ತೊಟ್ಟಿನಲ್ಲಿ ಸೊನೆ ಇದ್ದರೆ ಈ ಕಡೆ, ಇಲ್ಲದಿದ್ದರೆ ಆ ಕಡೆ. ಆ ಸೊನೆಯಲ್ಲೇ ಪರಿಮಳ ಇರುವುದು. ಆಮೇಲೆ ಕಲ್ಲುಪ್ಪಲ್ಲಿ ಹಾಕಿಟ್ಟು, ಮಿಡಿ ಚಿರುಟಿದ ಮೇಲೆ ಸಾಸಿವೆ, ಮೆಣಸು, ಅರಿಶಿನ ಅರೆದು ಸೇರಿಸುತ್ತೇವೆ. ಎಣ್ಣೆ ಇಲ್ಲ, ವಿನೆಗರ್ ಇಲ್ಲ. ಉಪ್ಪು ಜಾಸ್ತಿ ಅನ್ನಿಸಬಹುದು, ಆದರೆ ಮಿಡಿ ಕೆಡದೆ ನಿಲ್ಲುವುದೇ ಆ ಉಪ್ಪಿನಿಂದ. ಬಿಪಿ ಇರುವವರು ಚೂರೇ ಚೂರು ತಿನ್ನಿ. ಒಣಗಿದ ಚಮಚ ಬಳಸಿ, ನೀರು ತಾಗಿಸಬೇಡಿ. ಇಷ್ಟು ನೋಡಿಕೊಂಡರೆ ವರ್ಷ ಕಳೆದರೂ ಕೆಡುವುದಿಲ್ಲ.

ತೊಡದೇವು ಅಂದರೆ ಏನು ಅಂತ ಘಟ್ಟದ ಕೆಳಗಿನವರು, ಬೆಂಗಳೂರಿನವರು ಕೇಳುತ್ತಾರೆ. ಬೋರಲು ಹಾಕಿದ ಮಡಕೆಯ ಕೆಳಗೆ ಬೆಂಕಿ. ಅಕ್ಕಿ ಹಿಟ್ಟನ್ನು ಕಬ್ಬಿನ ಹಾಲಲ್ಲಿ ತೆಳ್ಳಗೆ ಕಲಸಿ, ಬಟ್ಟೆ ಸುತ್ತಿದ ಕೋಲನ್ನು ಅದರಲ್ಲಿ ಅದ್ದಿ, ಕಾದ ಮಡಕೆಯ ಬೆನ್ನ ಮೇಲೆ ಒಮ್ಮೆ ಎಳೆಯುವುದು. ಚುಂಯ್ ಅನ್ನುವಷ್ಟರಲ್ಲಿ ಕಾಗದದಷ್ಟು ತೆಳು ಹಾಳೆ ಎದ್ದುಬರುತ್ತದೆ. ಬಿಸಿ ಇರುವಾಗಲೇ ಮಡಚಬೇಕು, ಒಂದು ಉಸಿರು ತಡವಾದರೂ ಮುರಿಯುತ್ತದೆ. ನನಗೆ ಈ ಕೈ ಕೂಡಿಬರಲು ಎರಡು ವರ್ಷ ಬೇಕಾಯಿತು. ಹತ್ತರ ಪ್ಯಾಕೆಟ್ 160 ರೂಪಾಯಿ. ತುಪ್ಪ ಸವರಿ, ಬಿಸಿ ಹಾಲಿನ ಜೊತೆ ತಿಂದು ನೋಡಿ. ಎಷ್ಟೇ ಜೋಪಾನ ಮಾಡಿದರೂ ದಾರಿಯಲ್ಲಿ ಒಂದೆರಡು ಮುರಿಯುತ್ತವೆ, ಅದಕ್ಕೆ ನಾವು ಹನ್ನೊಂದು ಇಟ್ಟು ಕಳಿಸುತ್ತೇವೆ. ಮಳೆಗಾಲದಲ್ಲಿ ಮೆತ್ತಗಾಗುವ ಕಾರಣ ದೂರದ ಊರಿಗೆ ಕಳಿಸುವುದಿಲ್ಲ.

ಜೋನಿ ಬೆಲ್ಲ ಆಲೆಮನೆ ಶುರುವಾದ ಮೇಲೆ ಬರುತ್ತದೆ, ಕೆಜಿಗೆ 150. ತಳದಲ್ಲಿ ಸಕ್ಕರೆಯ ಹಾಗೆ ಹರಳು ಕೂತರೆ ಹೆದರಬೇಡಿ, ಅದು ಬೆಲ್ಲವೇ. ಹಲಸಿನ ಹಪ್ಪಳ ಏಪ್ರಿಲ್, ಮೇ ಬಿಸಿಲಲ್ಲಿ ಮಾಡಿಟ್ಟದ್ದು ಮುಗಿಯುವವರೆಗೆ ಮಾತ್ರ, 25ರ ಕಟ್ಟಿಗೆ 150. ಒಣ ಮುರುಗಲು ಸಿಪ್ಪೆ, ಕಾಳುಮೆಣಸು ಸಾಮಾನ್ಯವಾಗಿ ಯಾವಾಗಲೂ ಇರುತ್ತದೆ. ಮುರುಗಲು ಅಂದರೆ ಮಂಗಳೂರು ಕಡೆಯವರ ಪುನರ್ಪುಳಿ.

ದುಡ್ಡು ಯುಪಿಐನಲ್ಲಿ ಕಳಿಸಬಹುದು, ಕ್ಯೂಆರ್ ಕೋಡ್ ಇದೇ ಚಾಟ್‌ನಲ್ಲಿ ಕೊಡುತ್ತೇವೆ. ನಾವು ಯಾವತ್ತೂ ಒಟಿಪಿ, ಪಿನ್ ಕೇಳುವುದಿಲ್ಲ. ನಮ್ಮ ಹೆಸರಲ್ಲಿ ಬೇರೆ ನಂಬರಿನಿಂದ ಯಾರಾದರೂ ಕೇಳಿದರೆ ಕೊಡಬೇಡಿ, ನಮಗೂ ತಿಳಿಸಿ. ಪಾರ್ಸೆಲ್ ಹೋಗುವುದು ಸ್ಪೀಡ್ ಪೋಸ್ಟ್‌ನಲ್ಲಿ. ತೂಕ ನೋಡಿ ಅಂಚೆ ಖರ್ಚು ಎಷ್ಟು ಅಂತ ಮೊದಲೇ ಹೇಳುತ್ತೇವೆ, ಟ್ರ್ಯಾಕಿಂಗ್ ನಂಬರನ್ನೂ ಕಳಿಸುತ್ತೇವೆ. ಕುಮಟಾ, ಕಾರವಾರದವರು ಬಸ್ ಪಾರ್ಸೆಲ್ ಬೇಕು ಅಂದರೆ ಅದೂ ಆಗುತ್ತದೆ, ಆದರೆ ಬಸ್ ಸ್ಟ್ಯಾಂಡಿಗೆ ನೀವೇ ಬಂದು ತೆಗೆದುಕೊಳ್ಳಬೇಕು. ಎರಡು ವರ್ಷಕ್ಕೊಮ್ಮೆ ಮಾರಿಕಾಂಬೆ ಜಾತ್ರೆ ನಡೆಯುವಾಗ ಪಾರ್ಸೆಲ್ ಕೆಲಸ ನಿಲ್ಲಿಸುತ್ತೇವೆ. ಮನೆ ತುಂಬ ನೆಂಟರು ಇರುತ್ತಾರೆ.

ಶುರುವಿನಲ್ಲಿ ಒಮ್ಮೆ ಹುಬ್ಬಳ್ಳಿಯ ಒಬ್ಬ ಅಕ್ಕನಿಗೆ ಕಳಿಸಿದ ಜೋನಿ ಬೆಲ್ಲದ ಬಾಟಲಿ ದಾರಿಯಲ್ಲಿ ಒಡೆದು, ಜೊತೆಗಿದ್ದ ಹಪ್ಪಳವೂ ಹಾಳಾಯಿತು. ಅವರು ಬೈಯಲಿಲ್ಲ, ಫೋಟೋ ಕಳಿಸಿದರು. ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಅಂದಿನಿಂದ ಗಾಜು ಬಿಟ್ಟು, ಗಟ್ಟಿ ಪ್ಲಾಸ್ಟಿಕ್ ಡಬ್ಬಿಗೆ ಒಳಮುಚ್ಚಳ ಹಾಕಿ, ಎರಡು ಕವರ್‌ನಲ್ಲಿ ಸುತ್ತಿ ಕಳಿಸುತ್ತೇವೆ. ಆದರೂ ಏನಾದರೂ ಸೋರಿದ್ದರೆ, ಕೆಟ್ಟಿದ್ದರೆ, ಪಾರ್ಸೆಲ್ ಬಂದು ಎರಡು ದಿನದೊಳಗೆ ಒಂದು ಫೋಟೋ ಹಾಕಿ. ಬೇರೆ ಕಳಿಸುತ್ತೇವೆ, ಇಲ್ಲವೇ ದುಡ್ಡು ವಾಪಸ್, ನಿಮಗೆ ಯಾವುದು ಬೇಕೋ ಅದು.

ಮನೆಗೇ ಬಂದು ಕೊಳ್ಳುವುದಾದರೆ ಹಿಂದಿನ ದಿನ ಒಂದು ಮೆಸೇಜ್ ಮಾಡಿ, ದಾರಿಯ ಲೊಕೇಶನ್ ಕಳಿಸುತ್ತೇವೆ. ರುಚಿ ನೋಡಿಯೇ ತೆಗೆದುಕೊಳ್ಳಿ. ಹೊಸ ಮಿಡಿ ಬಂತು, ಆಲೆಮನೆ ಶುರುವಾಯಿತು ಅನ್ನುವ ಸುದ್ದಿಯನ್ನು ಆಗಾಗ ಇದೇ ನಂಬರಿಗೆ ಕಳಿಸುತ್ತೇವೆ. ಅದು ಬೇಡ ಅಂದರೆ "ಬೇಡ" ಅಂತ ಬರೆಯಿರಿ, ಆರ್ಡರ್ ಮಾತು ಬಿಟ್ಟು ಬೇರೇನೂ ಕಳಿಸುವುದಿಲ್ಲ.

ಈಗ ನಿಮ್ಮ ಹೆಸರು, ಊರು, ಪಿನ್‌ಕೋಡ್ ಮತ್ತು ಏನು ಬೇಕು ಅಂತ ಬರೆಯಿರಿ. ಮನೆಯಲ್ಲಿ ಖಾರ ಜಾಸ್ತಿ ತಿನ್ನುವವರಾ, ಕಡಿಮೆಯಾ ಅಂತಲೂ ಹೇಳಿ. ಮಿಡಿ ಉಪ್ಪಿನಕಾಯಿ ಎರಡು ಥರ ಮಾಡಿಟ್ಟಿದ್ದೇವೆ.