ಗಳಿಕೆ ರಜೆ ಕೋರಿ ಅರ್ಜಿ

ದಿನಾಂಕ: 27-10-2025

ಇಂದ: ಸವಿತಾ, ದ್ವಿತೀಯ ದರ್ಜೆ ಸಹಾಯಕಿ, ಪಿಂಚಣಿ ಶಾಖೆ
ಗೆ: ಕಚೇರಿ ಮುಖ್ಯಸ್ಥರು
ಮುಖಾಂತರ: ಶಾಖಾ ಅಧೀಕ್ಷಕರು

ಮಾನ್ಯರೇ,

ವಿಷಯ: 12 ದಿನಗಳ ಗಳಿಕೆ ರಜೆ ಮಂಜೂರು ಮಾಡುವ ಬಗ್ಗೆ.

ನನ್ನ ತಾಯಿಗೆ ನವೆಂಬರ್ 11ರಂದು ಮಂಡಿಯ ಶಸ್ತ್ರಚಿಕಿತ್ಸೆ ಇದೆ. ಎದ್ದು ಓಡಾಡುವವರೆಗೂ ನಾನೇ ಜೊತೆಗಿರಬೇಕು, ಮನೆಯಲ್ಲಿ ಬೇರೆ ಯಾರೂ ಇಲ್ಲ. ಆದ್ದರಿಂದ 10-11-2025ರಿಂದ 21-11-2025ರವರೆಗೆ ಗಳಿಕೆ ರಜೆ ಮಂಜೂರು ಮಾಡಿ, ಹಿಂದಿನ ಹಾಗೂ ಮುಂದಿನ ಶನಿವಾರ, ಭಾನುವಾರಗಳನ್ನು ಸೇರಿಸಿಕೊಳ್ಳಲು ಮತ್ತು ಕೇಂದ್ರಸ್ಥಾನ ಬಿಡಲು ಅನುಮತಿ ನೀಡಬೇಕೆಂದು ಕೋರುತ್ತೇನೆ.

ನಿವೃತ್ತರ 3 ಕಡತಗಳು ಬಾಕಿ ಇವೆ. ಅವರು ಕಾಯುತ್ತಿದ್ದಾರೆ, ಸುಮ್ನೆ ತಡವಾಗಬಾರದು. ಹೊರಡುವ ಮುನ್ನ ಟಿಪ್ಪಣಿ ಬರೆದು ಮಂಡಿಸುತ್ತೇನೆ. ಬೀರುವಿನ ಕೀಲಿಯನ್ನು ಪ್ರಭಾರ ವಹಿಸುವವರಿಗೆ ಕೊಡುತ್ತೇನೆ. 24ರಂದು ಹಾಜರಾಗುತ್ತೇನೆ.

ತಮ್ಮ ವಿಶ್ವಾಸಿ,
(ಸಹಿ) ಸವಿತಾ

ಅಧೀಕ್ಷಕರ ಷರಾ: ಖಾತೆಯಲ್ಲಿ 94 ದಿನ ರಜೆ ಇದೆ. ಬದಲಿ ವ್ಯವಸ್ಥೆ ಆಗಿದೆ. ಶಿಫಾರಸಿನೊಂದಿಗೆ ಸಲ್ಲಿಸಿದೆ.
(ಸಹಿ) 28-10-2025