ಪ್ಯಾಕೆಟ್ ತಿರುಗಿಸಿ ನೋಡಿ, ಆಮೇಲೆ ತಟ್ಟೆ ತುಂಬಿಸಿ

ಮಕ್ಕಳೇ, ನಿಮ್ಮ ಕೈಯಲ್ಲಿರುವ ಬಿಸ್ಕತ್ತಿನ ಪ್ಯಾಕೆಟ್ ತಿರುಗಿಸಿ. ಮುಂದಿನ ಚಿತ್ರ ಬಿಡಿ, ಅದು ಇರುವುದು ಆಸೆ ಹುಟ್ಟಿಸೋದಕ್ಕೆ. ನಿಜವಾದ ವಿಷಯ ಹಿಂದಿನ ಸಣ್ಣ ಅಕ್ಷರಗಳಲ್ಲಿದೆ. "ಒಂದು ಸಲಕ್ಕೆ 30 ಗ್ರಾಂ, ಅದರಲ್ಲಿ ಸಕ್ಕರೆ 8 ಗ್ರಾಂ" ಅಂತಿದೆ. ಕಡಿಮೆಯೇ ಅಲ್ವಾ? ಆದರೆ ಪ್ಯಾಕೆಟ್ಟಿನ ತೂಕ 90 ಗ್ರಾಂ, ಅಂದರೆ ಪೂರ್ತಿ ತಿಂದರೆ ಮೂರು ಪಟ್ಟು, 24 ಗ್ರಾಂ ಸಕ್ಕರೆ ಹೊಟ್ಟೆಗೆ ಹೋಗುತ್ತದೆ. ಒಂದು ಟೀ ಚಮಚಕ್ಕೆ ಸುಮಾರು 4 ಗ್ರಾಂ. ಈ ಖಾಲಿ ಲೋಟಕ್ಕೆ ಆರು ಚಮಚ ಹಾಕುತ್ತೇನೆ, ನೀವೇ ಎಣಿಸಿ.

ಪದಾರ್ಥಗಳ ಪಟ್ಟಿಯಲ್ಲಿ ತೂಕ ಯಾವುದರದ್ದು ಜಾಸ್ತಿಯೋ ಅದೇ ಮೊದಲು ಬರುತ್ತದೆ. ಗ್ಲೂಕೋಸ್ ಸಿರಪ್, ಡೆಕ್ಸ್‌ಟ್ರೋಸ್ ಕೂಡ ಸಕ್ಕರೆಯೇ, ಹೆಸರು ಬೇರೆ ಅಷ್ಟೆ. ಹಾಲು, ಕಡಲೆಕಾಯಿ ಒಗ್ಗದವರು ಅಲರ್ಜಿಯ ಸಾಲು ಓದದೆ ಏನನ್ನೂ ಬಾಯಿಗಿಡಬೇಡಿ. ಇದನ್ನು ಮರೆಯಲೇಬಾರದು.

ಈಗ ತಟ್ಟೆ. ನೋಟ್‌ಬುಕ್ಕಿನಲ್ಲಿ ದೊಡ್ಡದೊಂದು ವೃತ್ತ ಬರೆಯಿರಿ. ಅರ್ಧ ಭಾಗ ತರಕಾರಿ, ಹಣ್ಣಿಗೆ. ಕಾಲು ಭಾಗ ಧಾನ್ಯಕ್ಕೆ, ಆದಷ್ಟು ತೌಡು ತೆಗೆಯದ ಧಾನ್ಯ. ಉಳಿದ ಕಾಲು ಭಾಗದಲ್ಲಿ ಬೇಳೆಕಾಳು, ಮೊಟ್ಟೆ, ಮೀನು ಇಂಥದ್ದು. ಪಕ್ಕದಲ್ಲಿ ನೀರು. ನಿನ್ನೆ ರಾತ್ರಿ ಉಂಡಿದ್ದನ್ನೆಲ್ಲ ಇದರಲ್ಲಿ ಬರೆದು ನೋಡಿ, ಯಾವ ಭಾಗ ಖಾಲಿ ಉಳಿಯಿತು?