14 ನಿಮಿಷದ ಮಾತು, ಒಂದು ಇ-ಮೇಲ್

ದೊಡ್ಡಪ್ಪ, ನಮಸ್ಕಾರ.

ನಿನ್ನೆ ರಾತ್ರಿ ನೀವು ಕಳುಹಿಸಿದ ಧ್ವನಿ ಸಂದೇಶವನ್ನು ಮೂರು ಸಲ ಕೇಳಿದೆ. ಹಂಚಿನ ಮೇಲೆ ಬೀಳುವ ಮಳೆಯ ಸದ್ದಿನಲ್ಲಿ ಎರಡು ಕಡೆ ಮಾತು ಮುಳುಗಿಹೋಗಿತ್ತು. ಅದನ್ನು ದೊಡ್ಡಮ್ಮನಿಗೆ ಫೋನ್ ಮಾಡಿ ಕೇಳಿಕೊಂಡೆ. ಮೊದಲು ನಿಮ್ಮ ಮಾತನ್ನು ನೀವು ಹೇಳಿದ ಕ್ರಮದಲ್ಲೇ ಬರೆದಿದ್ದೇನೆ. ಬರಹದ ಭಾಷೆಗೆ ತಂದಿದ್ದು, ನಡುವಿನ ಕೆಮ್ಮು, ಕರುವಿನ ಕೂಗು ಬಿಟ್ಟಿದ್ದು, ಇಷ್ಟೇ ನಾನು ಮಾಡಿದ್ದು. ಅದರ ಕೆಳಗೆ ಅಡಿಕೆ ತೋಟದ ಎಲೆಚುಕ್ಕೆಯ ಬಗ್ಗೆ ವಿಶ್ವವಿದ್ಯಾಲಯಕ್ಕೆ ಕಳುಹಿಸಬೇಕಾದ ಇ-ಮೇಲ್ ಇದೆ. ಎರಡನ್ನೂ ಪಕ್ಕದಲ್ಲಿಟ್ಟು ಓದಿ. ನಿಮ್ಮ ಮಾತು ಎಲ್ಲಾದರೂ ತಿರುಚಿಹೋಗಿದ್ದರೆ ಹೇಳಿ.

ನೀವು ಹೇಳಿದ್ದು

ಕೂಸೇ, ಕೇಳಿಸುತ್ತಿದೆಯೇ? ಇಲ್ಲಿ ಮಳೆ ಇನ್ನೂ ನಿಂತಿಲ್ಲ. ಮೇಲಿನ ತೋಟದ ವಿಷಯ. ಕೆಳಗಿನದು ನಿನ್ನ ಅಜ್ಜ ಹಾಕಿದ್ದು, ಅದಕ್ಕೆ ಅಷ್ಟೇನೂ ಆಗಿಲ್ಲ. ಮೇಲಿನದು ನೀನು ಹುಟ್ಟಿದ ವರ್ಷ ನಾನೂ ನಿನ್ನ ಅಪ್ಪನೂ ಸೇರಿ ಗುಂಡಿ ತೋಡಿ ಹಾಕಿದ್ದು. ಕಳೆದ ದೀಪಾವಳಿಯ ಹೊತ್ತಿಗೆ ಹಳ್ಳದ ಮೂಲೆಯ ಐದಾರು ಮರಗಳಲ್ಲಿ ಚುಕ್ಕೆ ಕಂಡಿತ್ತು. ಬಿಸಿಲು ಬಿದ್ದರೆ ಹೋಗುತ್ತದೆ ಎಂದು ಸುಮ್ಮನಿದ್ದೆ. ಅದೇ ನನ್ನ ತಪ್ಪು. ಹಳ್ಳದ ಆಚೆಯ ತೋಟವನ್ನು ಅವರು ಬಿಟ್ಟು ಬೆಂಗಳೂರು ಸೇರಿದ್ದಾರೆ, ಅಲ್ಲಿ ಔಷಧಿ ಹೊಡೆಯುವವರೇ ಇಲ್ಲ. ಗಾಳಿ ಬರುವುದೂ ಆ ಕಡೆಯಿಂದಲೇ.

ಈ ವರ್ಷ ಪುಷ್ಯ ಮಳೆ ಹಿಡಿಯಿತಲ್ಲ, ಆಮೇಲೆ ನೋಡಲಾಗುವುದಿಲ್ಲ. ಕೊನೆಗೌಡ ಮರ ಹತ್ತಿ ಇಳಿದವನು, ಅಯ್ಯಾ, ಮೇಲೆ ಮೂರು ನಾಲ್ಕು ಸೋಗೆ ಮಾತ್ರ ಹಸಿರಿದೆ ಎಂದ. ಹಿಂಗಾರವೂ ಕೆಲವು ಒಣಗಿವೆ. ಕೊಳೆ ಮಾತ್ರ ಅಷ್ಟಿಲ್ಲ. ಬೋರ್ಡೋ ಮೊದಲನೆಯದು ಮೃಗಶಿರಾಕ್ಕೆ ಮೊದಲೇ ಹೊಡೆಸಿದ್ದೆ. ಎರಡನೆಯದು ಆಗಲೇ ಇಲ್ಲ, ಮಳೆ ಬಿಡಬೇಕಲ್ಲ. ಮಘೆ ಮಳೆಯಲ್ಲಿ ಎರಡು ದಿನ ಬಿಡುವು ಸಿಕ್ಕಿದಾಗ ಹೊಡೆಸಿದೆ.

ಅಂಗಡಿಯವನ ಕಥೆ ಹೇಳಲೇಬೇಕು. ಒಂದು ಬಾಟಲಿ ಕೊಟ್ಟು ಲೀಟರಿಗೆ ಮೂರು ಎಂಎಲ್ ಹಾಕಿ ಎಂದ. ರಸೀದಿ ಕೇಳಿದರೆ ಮುಖ ತಿರುಗಿಸಿದ. ನಾನು ಒಂದೇ ಎಂಎಲ್ ಹಾಕಿದೆ, ತರಬೇತಿಯಲ್ಲಿ ಹಾಗೆ ಹೇಳಿದ್ದು ನೆನಪಿತ್ತು. ಅದೂ ಅರ್ಧಕ್ಕೆ ಮಾತ್ರ. ಮನೆ ಕಡೆಯ ಸಾಲುಗಳು ಆದವು, ಅಷ್ಟರಲ್ಲಿ ಮಳೆ ಬಂತು, ಕಾದಿಗೆ ತುಂಬಿ ಹರಿಯಿತು. ಪೊಟ್ಯಾಷ್ ಎರಡು ವರ್ಷದಿಂದ ಹಾಕಿಲ್ಲ. ಸೊಪ್ಪು, ಗೊಬ್ಬರ ಮಾತ್ರ. ಈಗ ಕೆಲವರು ಸೋಗೆ ಕಡಿದು ಸುಡಿ ಎನ್ನುತ್ತಾರೆ. ಇರುವ ನಾಲ್ಕನ್ನೂ ಕಡಿದರೆ ಮರ ಉಸಿರಾಡುವುದು ಹೇಗೆ? ಆಮೇಲೆ ಇನ್ನೊಂದು, ಔಷಧಿ ಹೊಡೆದ ಸಾಲಿನಲ್ಲಿ ಹೊಸ ಸೋಗೆ ಚೆನ್ನಾಗಿದೆ, ಹಳ್ಳದ ಕಡೆ ಹೊಸದರಲ್ಲೂ ಚುಕ್ಕೆ ಬಂದಿದೆ. ರೇಟಂತೂ ಬಿಡು. ಯಾರಾದರೂ ತಿಳಿದವರು ಬಂದು ಒಮ್ಮೆ ನೋಡಿದರೆ ಸಾಕು ಎಂದು ಬರೆ. ಫೋನ್ ಹಗಲು ಸಿಗುವುದಿಲ್ಲ. ದೊಡ್ಡಮ್ಮ ಊಟಕ್ಕೆ ಕರೆಯುತ್ತಿದ್ದಾಳೆ.

ಕಳುಹಿಸಬೇಕಾದ ಇ-ಮೇಲ್

ವಿಷಯ: ಹೊಸನಗರ ತಾಲ್ಲೂಕು ನಗರ ಹೋಬಳಿಯ ಅಡಿಕೆ ತೋಟದಲ್ಲಿ ಎಲೆಚುಕ್ಕೆ, ಮಾದರಿ ಪರೀಕ್ಷೆ ಮತ್ತು ತೋಟದ ಭೇಟಿಗಾಗಿ ಮನವಿ

ಗೆ,
ಸಸ್ಯರೋಗ ಶಾಸ್ತ್ರ ವಿಭಾಗದ ಮುಖ್ಯಸ್ಥರಿಗೆ,
ಕೆಳದಿ ಶಿವಪ್ಪ ನಾಯಕ ಕೃಷಿ ಮತ್ತು ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯ, ಶಿವಮೊಗ್ಗ

ಮಾನ್ಯರೇ,

ನಾನು ನಗರ ಹೋಬಳಿಯ ಅಡಿಕೆ ಬೆಳೆಗಾರ. ನನ್ನ ಒಂದೂವರೆ ಎಕರೆ ತೋಟದಲ್ಲಿ ಎಲೆಚುಕ್ಕೆ ರೋಗದಂತೆ ಕಾಣುವ ಬಾಧೆ ಎರಡು ತಿಂಗಳಲ್ಲಿ ವೇಗವಾಗಿ ಹರಡಿದೆ. ಸೋಗೆಯ ಮಾದರಿಯನ್ನು ಪರೀಕ್ಷಿಸಿ ರೋಗ ಯಾವುದೆಂದು ಖಚಿತಪಡಿಸಬೇಕೆಂದೂ, ಸಾಧ್ಯವಾದರೆ ತಮ್ಮ ವಿಭಾಗದವರೊಬ್ಬರು ಅಕ್ಟೋಬರ್ ಮೊದಲ ಎರಡು ವಾರಗಳಲ್ಲಿ ಒಂದು ದಿನ ತೋಟಕ್ಕೆ ಬಂದು ನೋಡಬೇಕೆಂದೂ ಕೋರುತ್ತೇನೆ.

ತಮ್ಮ ಗಮನಕ್ಕೆ ಮೊದಲು ತರಬೇಕಾದ ಸಂಗತಿ ಒಂದಿದೆ. ಸೆಪ್ಟೆಂಬರ್ 6ರಂದು ಮನೆಯ ಕಡೆಯ ಅರ್ಧ ತೋಟಕ್ಕೆ ಪ್ರೊಪಿಕೊನಜೋಲ್ ಅನ್ನು ಲೀಟರ್ ನೀರಿಗೆ 1 ಮಿಲಿಲೀಟರ್ ಪ್ರಮಾಣದಲ್ಲಿ ಸಿಂಪಡಿಸಲಾಗಿದೆ. ಮಳೆ ಬಂದದ್ದರಿಂದ ಹಳ್ಳದ ಕಡೆಯ ಅರ್ಧ ಹಾಗೆಯೇ ಉಳಿಯಿತು. ಸಿಂಪಡಿಸಿದ ಸಾಲುಗಳಲ್ಲಿ ಹೊಸ ಸೋಗೆ ಈವರೆಗೆ ಸ್ವಚ್ಛವಾಗಿದೆ. ಸಿಂಪಡಿಸದ ಕಡೆ ಹೊಸ ಸೋಗೆಯಲ್ಲೂ ಚುಕ್ಕೆ ಮೂಡಿದೆ. ರೋಗ ಮೊದಲು ಕಂಡದ್ದೂ ಹಳ್ಳದ ಕಡೆಯಲ್ಲೇ ಆದ್ದರಿಂದ ಈ ವ್ಯತ್ಯಾಸಕ್ಕೆ ಔಷಧಿಯೊಂದೇ ಕಾರಣವೆಂದು ನಾನು ಹೇಳಲಾರೆ. ಎರಡನ್ನೂ ಒಂದೇ ತೋಟದಲ್ಲಿ ನೋಡುವ ಅವಕಾಶ ಈಗ ಇದೆ.

ತೋಟದ ವಿವರ: ಮರಗಳಿಗೆ 28 ವರ್ಷ. ಒಟ್ಟು ಸುಮಾರು 800 ಮರ, 9 ಅಡಿ ಅಂತರ. ಕಳೆದ ಭಾನುವಾರ ಹಳ್ಳದ ಬದಿಯ ಒಂದು ಸಾಲನ್ನು ಎಣಿಸಿ ನೋಡಿದೆವು: 20 ಮರಗಳಲ್ಲಿ 13ಕ್ಕೆ ಬಾಧೆ ಇದೆ, ಅವುಗಳಲ್ಲಿ 5 ಮರಗಳ ತುದಿಯಲ್ಲಿ ಮೂರು ನಾಲ್ಕು ಸೋಗೆ ಮಾತ್ರ ಹಸಿರಾಗಿದೆ. ಹಳ್ಳದ ಆಚೆ ಆರೈಕೆ ಇಲ್ಲದ ಒಂದು ತೋಟವಿದೆ, ಗಾಳಿ ಆ ದಿಕ್ಕಿನಿಂದ ಬೀಸುತ್ತದೆ.

ಲಕ್ಷಣ: ಕೆಳಗಿನ ಹಳೆಯ ಸೋಗೆಗಳಲ್ಲಿ ಮೊದಲು ಸಣ್ಣ ಕಂದು ಚುಕ್ಕೆ, ಅದರ ಸುತ್ತ ಹಳದಿ ಉಂಗುರ. ಚುಕ್ಕೆಗಳು ಬೆಳೆದು ಒಂದಕ್ಕೊಂದು ಕೂಡಿಕೊಂಡ ಮೇಲೆ ಸೋಗೆ ಬೆಂಕಿ ತಗುಲಿದಂತೆ ಒಣಗಿ ಜೋತುಬೀಳುತ್ತದೆ. ಕೆಲವು ಮರಗಳಲ್ಲಿ ಹಿಂಗಾರವೂ ಒಣಗಿದೆ. ಕೊಳೆರೋಗ ಈ ವರ್ಷ ಹೆಚ್ಚಿಲ್ಲ.

ಈವರೆಗಿನ ಸಿಂಪರಣೆ: ಶೇ. 1ರ ಬೋರ್ಡೋ ದ್ರಾವಣ ಜೂನ್ 4ರಂದು ಮತ್ತು ಆಗಸ್ಟ್ 20ರಂದು. ಮಳೆಯ ಕಾರಣದಿಂದ ಎರಡರ ನಡುವೆ 40–45 ದಿನಗಳ ಬದಲು 77 ದಿನಗಳ ಅಂತರವಾಯಿತು. ಕಳೆದ ಎರಡು ವರ್ಷಗಳಲ್ಲಿ ಪೊಟ್ಯಾಷ್ ಕೊಟ್ಟಿಲ್ಲ. ಸೊಪ್ಪು ಮತ್ತು ಕೊಟ್ಟಿಗೆ ಗೊಬ್ಬರ ಮಾತ್ರ ಹಾಕಿದ್ದೇನೆ.

ತಮ್ಮಿಂದ ತಿಳಿಯಬೇಕಾದದ್ದು ಮೂರು.

1. ಬಾಧಿತ ಸೋಗೆಗಳನ್ನು ಕಡಿದು ಸುಡುವುದು ಸರಿಯೆಂದು ಕೇಳಿದ್ದೇನೆ. ಆದರೆ ಮೂರು ನಾಲ್ಕು ಹಸಿರು ಸೋಗೆ ಮಾತ್ರ ಉಳಿದಿರುವ ಮರಗಳಲ್ಲಿ, ಅರೆ ಬಾಧಿತವಾದ ಸೋಗೆಗಳನ್ನೂ ಕಡಿಯಬೇಕೆ? ಮರ ತಡೆದುಕೊಳ್ಳಲು ಕನಿಷ್ಠ ಎಷ್ಟು ಸೋಗೆ ಬಿಡಬೇಕು?

2. ಉಳಿದ ಅರ್ಧ ತೋಟಕ್ಕೆ ಈಗ ಅದೇ ಔಷಧಿಯನ್ನು ಸಿಂಪಡಿಸಬಹುದೆ? ಈಗಾಗಲೇ ಸಿಂಪಡಿಸಿದ ಕಡೆ ಮತ್ತೊಮ್ಮೆ ಬೇಕೆ, ಬೇಕಾದರೆ ಎಷ್ಟು ದಿನಗಳ ನಂತರ?

3. ಮರವೊಂದಕ್ಕೆ ವರ್ಷಕ್ಕೆ ಸಾರಜನಕ, ರಂಜಕ, ಪೊಟ್ಯಾಷ್ 100:40:140 ಗ್ರಾಂ ಎಂಬ ಶಿಫಾರಸು ನನಗೆ ಗೊತ್ತು. ಎರಡು ವರ್ಷ ತಪ್ಪಿರುವುದರಿಂದ ಮಣ್ಣು ಪರೀಕ್ಷೆ ಮಾಡಿಸಿಯೇ ಕೊಡಬೇಕೆ, ಅಥವಾ ಮಳೆ ಕಡಿಮೆಯಾದ ಕೂಡಲೇ ಒಂದು ಕಂತು ಹಾಕಬಹುದೆ?

ಇದರೊಂದಿಗೆ ನಾಲ್ಕು ಫೋಟೋಗಳಿವೆ: ಚುಕ್ಕೆಯ ಹತ್ತಿರದ ನೋಟ, ಒಂದು ಪೂರ್ತಿ ಸೋಗೆ, ಸಿಂಪಡಿಸಿದ ಸಾಲು, ಸಿಂಪಡಿಸದ ಸಾಲು. ಸೋಗೆಯ ಮಾದರಿಯನ್ನು ಎಲ್ಲಿಗೆ, ಯಾವ ದಿನ ತಲುಪಿಸಬೇಕೆಂದು ತಿಳಿಸಿದರೆ ಅದೇ ದಿನ ಬೆಳಿಗ್ಗೆ ಕೊಯ್ದು ತಲುಪಿಸುತ್ತೇವೆ.

ನಗರ ಪೇಟೆಯಿಂದ ತೋಟಕ್ಕೆ 3 ಕಿಲೋಮೀಟರ್ ಮಣ್ಣಿನ ರಸ್ತೆ; ಮಳೆಯಲ್ಲಿ ಕಾರು ಬರುವುದು ಕಷ್ಟ. ಭೇಟಿಯ ದಿನ ನಾವೇ ಜೀಪ್ ತಂದು ಪೇಟೆಯಲ್ಲಿ ಕಾಯುತ್ತೇವೆ. ಹಗಲಿನಲ್ಲಿ ನನಗೆ ಫೋನ್ ಸಿಗ್ನಲ್ ಇರುವುದಿಲ್ಲ. ಶಿವಮೊಗ್ಗದಲ್ಲಿರುವ ನನ್ನ ತಮ್ಮನ ಮಗಳ ಖಾತೆಯಿಂದ ಈ ಇ-ಮೇಲ್ ಬರುತ್ತಿದೆ. ಇದಕ್ಕೆ ಉತ್ತರಿಸಿದರೆ ಆಕೆ ಅದೇ ದಿನ ನನಗೆ ತಿಳಿಸುತ್ತಾಳೆ.

ಈ ಮರಗಳನ್ನು ನಾನೂ ನನ್ನ ತಮ್ಮನೂ ಕೈಯಾರೆ ಗುಂಡಿ ತೋಡಿ ನೆಟ್ಟದ್ದು. ತಮ್ಮ ಸಲಹೆಯಂತೆ ನಡೆಯಲು ಸಿದ್ಧನಿದ್ದೇನೆ.

ತಮ್ಮ ವಿಶ್ವಾಸಿ,
ಸುಬ್ರಾಯ
ಅಡಿಕೆ ಬೆಳೆಗಾರ, ನಗರ ಹೋಬಳಿ, ಹೊಸನಗರ ತಾಲ್ಲೂಕು

ನಿಮಗೆ ಮಾತ್ರ

ದೊಡ್ಡಪ್ಪ, ಔಷಧಿ ಹೊಡೆದ ಸಾಲು, ಹೊಡೆಯದ ಸಾಲಿನ ಮಾತನ್ನು ನೀವು 12ನೇ ನಿಮಿಷದಲ್ಲಿ, ಆಮೇಲೆ ಇನ್ನೊಂದು ಎಂದು ಹೇಳಿ ಮುಗಿಸಿಬಿಟ್ಟಿದ್ದೀರಿ. ನನಗೆ ಇಡೀ ಸಂದೇಶದಲ್ಲಿ ಅದೇ ದೊಡ್ಡದು ಎನಿಸಿತು, ಆದ್ದರಿಂದ ಮನವಿಯ ಬೆನ್ನಿಗೇ ಇಟ್ಟೆ. ಅದನ್ನು ಓದಿದ ವಿಜ್ಞಾನಿಗೆ ಬಂದು ನೋಡಬೇಕೆನಿಸುತ್ತದೆ.

ಮಳೆ ನಕ್ಷತ್ರಗಳನ್ನು ತಾರೀಖಿಗೆ ಬದಲಿಸಿದ್ದೇನೆ. ದೊಡ್ಡಮ್ಮ ಗೋಡೆಯ ಪಂಚಾಂಗದಲ್ಲಿ ಆಳುಗಳ ಲೆಕ್ಕ ಬರೆದಿದ್ದರಿಂದ ಮೂರೂ ತಾರೀಖು ಸಿಕ್ಕಿದವು: ಮೃಗಶಿರಾಕ್ಕೆ ಮೊದಲಿನದು ಜೂನ್ 4, ಮಘೆಯದು ಆಗಸ್ಟ್ 20, ಹುಬ್ಬೆ ಮಳೆಯಲ್ಲಿ ಬಾಟಲಿಯ ಔಷಧಿ ಸೆಪ್ಟೆಂಬರ್ 6. ಬಾಟಲಿಯ ಮೇಲಿನ ಹೆಸರನ್ನೂ ದೊಡ್ಡಮ್ಮನೇ ಓದಿ ಹೇಳಿದರು.

ಅಂಗಡಿಯವನ ವಿಷಯ ಬಿಟ್ಟಿದ್ದೇನೆ. ನಿಮ್ಮ ಸಿಟ್ಟು ನ್ಯಾಯವಾದದ್ದೇ, ಆದರೆ ಈ ಪತ್ರ ಓದುವವರು ಅದಕ್ಕೆ ಏನೂ ಮಾಡಲಾರರು. ಅದಕ್ಕೆ ಬೇರೆ ದೂರು ಬರೆಯೋಣ, ಬಾಟಲಿಯನ್ನು ಎಸೆಯಬೇಡಿ. ಹಳ್ಳದ ಆಚೆಯವರ ಹೆಸರನ್ನೂ ಹಾಕಿಲ್ಲ. ಅವರು ನಾಳೆ ಊರಿಗೆ ಬಂದಾಗ ಮುಖ ನೋಡಬೇಕಾದವರು ನೀವು. ಸುಮ್ಮನಿದ್ದದ್ದು ನನ್ನ ತಪ್ಪು ಎಂದಿರಲ್ಲ, ಅದನ್ನೂ ಬರೆಯಲಿಲ್ಲ. ಐದಾರು ಮರದ ಚುಕ್ಕೆ ನೋಡಿ ಯಾರಾದರೂ ಬಿಸಿಲಿಗೆ ಕಾಯುತ್ತಿದ್ದರು. ಗುಂಡಿ ತೋಡಿದ ಮಾತನ್ನು ಮಾತ್ರ ಉಳಿಸಿಕೊಂಡೆ. ಅಪ್ಪ ಈಗ ಇದ್ದಿದ್ದರೆ ಅದನ್ನು ತೆಗೆಯಲು ಬಿಡುತ್ತಿರಲಿಲ್ಲ.

ಒಂದು ಕಡೆ ನನಗೆ ಅನುಮಾನವಿದೆ. ಹಿಂಗಾರ ಒಣಗಿದ್ದು ಹಳ್ಳದ ಕಡೆ ಮಾತ್ರವೇ, ಇಡೀ ತೋಟದಲ್ಲೇ? ಅದನ್ನು ಇಂದು ರಾತ್ರಿ ಹೇಳಿದರೆ ಸೇರಿಸುತ್ತೇನೆ. ಉಳಿದದ್ದು ಸರಿಯಿದ್ದರೆ ಸರಿ ಎಂದಷ್ಟೇ ಸಂದೇಶ ಹಾಕಿ, ನಾಳೆ ಬೆಳಿಗ್ಗೆ 9 ಗಂಟೆಗೆ ಕಳುಹಿಸುತ್ತೇನೆ. ಅವರು ಮಾದರಿ ಕೇಳಿದಾಗ ಸೋಗೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಬೇಡಿ, ಬೆವರಿ ಕೊಳೆಯುತ್ತದೆ. ಒಣಗಿದ ಭಾಗವೂ ಹಸಿರು ಭಾಗವೂ ಒಟ್ಟಿಗೆ ಬರುವಂತೆ ಕತ್ತರಿಸಿ, ನೀರು ಒರೆಸಿ, ಹಳೆಯ ಪತ್ರಿಕೆಯಲ್ಲಿ ಸುತ್ತಿ ಬೆಳಗಿನ ಬಸ್ಸಿಗೆ ಕೊಡಿ. ನಾನು ನಿಲ್ದಾಣದಲ್ಲಿ ಇಳಿಸಿಕೊಳ್ಳುತ್ತೇನೆ.